ಸರ್ವರ್ ಆನ್ ಆಯ್ತು ಅಂತ ಎಂಟ್ರಿ ಶುರು ಮಾಡಬೇಡಿ

ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಮಿಲ್ಲುಗಳ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ವರ್ಷನ್ ಅಪ್‌ಗ್ರೇಡ್ ಇದ್ದಾಗ ಮ್ಯಾನೇಜರುಗಳಿಗೆ ಒಂದು ಮೇಲ್ ಬರೆಯುತ್ತೇನೆ. ಪ್ರತಿ ಸಲ ಒಂದೇ ಪ್ರಶ್ನೆ ವಾಪಸ್ ಬರುತ್ತದೆ: "ಅಪ್‌ಗ್ರೇಡ್ ಅರ್ಧ ತಾಸು ಅಂತೀರಿ, ಆರು ತಾಸು ಬಂದ್ ಯಾಕ್ರೀ?" ಕೇಳುವುದರಲ್ಲಿ ತಪ್ಪಿಲ್ಲ. ರಾತ್ರಿ ಲೋಡ್ ಬಂದು ಗೇಟಿನಲ್ಲಿ ನಿಂತರೆ ಡ್ರೈವರ್ ಬೈಯುವುದು ಅವರಿಗೇ, ನನಗಲ್ಲ.

ಆರು ತಾಸು ಎಲ್ಲಿ ಹೋಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಲೆಕ್ಕವೆಲ್ಲ ಕೂತಿರುವ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್, ಅದರ ವರ್ಷನ್ 13ರಿಂದ 17ಕ್ಕೆ ಹೋಗುತ್ತೇವೆ ಅಂದುಕೊಳ್ಳಿ. 13ಕ್ಕೆ 2025ರ ನವೆಂಬರ್‌ನಲ್ಲೇ ಸಪೋರ್ಟ್ ಮುಗಿದಿದೆ, ಹಾಗಾಗಿ ಅದರಲ್ಲೇ ಕೂರುವಂತಿಲ್ಲ. ರಾತ್ರಿ 10ಕ್ಕೆ ಎಲ್ಲ ಬಂದ್. ಮೊದಲು ಪೂರ್ತಿ ಬ್ಯಾಕಪ್, ಆಮೇಲೆ ಡೇಟಾವನ್ನು ಹೊಸ ವರ್ಷನ್‌ಗೆ ದಾಟಿಸುವ `pg_upgrade`. ಇದರಲ್ಲಿ ಎರಡು ದಾರಿ ಇವೆ. `--link` ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಹೊಸದನ್ನು ಒಮ್ಮೆ ಚಾಲೂ ಮಾಡಿದ ಮೇಲೆ ಹಳೆಯದನ್ನು ನಂಬಿ ತೆರೆಯುವಂತಿಲ್ಲ. ನಾನು ಕಾಪಿ ಮಾಡುವ ದಾರಿಯನ್ನೇ ಹಿಡಿಯುತ್ತೇನೆ. ನಿಧಾನ, ಡಿಸ್ಕಿನಲ್ಲಿ ಜಾಗವೂ ಜಾಸ್ತಿ ಬೇಕು, ಆದರೆ ಹಳೆಯ ಡೇಟಾಬೇಸ್ ಹಾಗೇ ಉಳಿದಿರುತ್ತದೆ. ಸಾಮಾನ್ಯ ಮಿಲ್ಲಿನ ಡೇಟಾಗೆ ಇದೆಲ್ಲ ರಾತ್ರಿ 12ರ ಸುಮಾರಿಗೆ ಮುಗಿಯಬಹುದು. ನಿಮ್ಮ ಡೇಟಾ ದೊಡ್ಡದಿದ್ದರೆ ಲೆಕ್ಕ ಬೇರೆ.

12ರಿಂದ ಮುಂದಿನದು ಪರೀಕ್ಷೆಯ ಸಮಯ. ಸಾಫ್ಟ್‌ವೇರ್ ತೆರೆಯುತ್ತೇವೆ, ಬಿಲ್ ಹಾಕಿ ನೋಡುತ್ತೇವೆ, ಸ್ಟಾಕ್ ತಾಳೆ ನೋಡುತ್ತೇವೆ. ಯಾವುದಾದರೂ ಕೈಕೊಟ್ಟರೆ ಹಳೆಯ ವರ್ಷನ್‌ಗೆ ವಾಪಸ್ ಹೋಗುತ್ತೇವೆ. ವಾಪಸ್ ಹೋಗುವುದು ಸುಲಭ, ಹಳೆಯದನ್ನು ಚಾಲೂ ಮಾಡಿದರೆ ಆಯಿತು. ಆದರೆ ಅದರಲ್ಲಿ ಇರುವುದು ರಾತ್ರಿ 10ರವರೆಗಿನ ಲೆಕ್ಕ ಮಾತ್ರ. ಪರೀಕ್ಷೆ ನಡೆಯುವಾಗ ಯಾರಾದರೂ ಎಂಟ್ರಿ ಹಾಕಿದ್ದರೆ ಅದು ಹೊಸದರಲ್ಲಿ ಕೂತಿರುತ್ತದೆ, ಹಳೆಯದಕ್ಕೆ ತಾನಾಗಿ ಬರುವುದಿಲ್ಲ.

ಎಷ್ಟು ಹೇಳಿದರೂ ಜನರಿಗೆ ತಿಳಿಯದ ವಿಷಯ ಇದೊಂದೇ. ಸ್ಕ್ರೀನ್ ತೆರೆಯಿತು ಅಂದರೆ ಕೆಲಸ ಮುಗಿಯಿತು ಅಂತ ತಿಳಿಯುತ್ತಾರೆ. ನಾವು ಪರೀಕ್ಷೆ ಮಾಡಬೇಕಾದರೆ ಸ್ಕ್ರೀನ್ ತೆರೆಯಲೇಬೇಕಲ್ವಾ? ತೆರೆದಿದೆ ಅನ್ನುವುದು ಬೇರೆ, ನಿಮಗೆ ಬಿಟ್ಟುಕೊಟ್ಟಿದ್ದೇವೆ ಅನ್ನುವುದು ಬೇರೆ.

ಕೆಲವು ವರ್ಷಗಳ ಹಿಂದೆ ಒಂದು ಮಿಲ್ಲಿನಲ್ಲಿ ವರ್ಷನ್ 11ರಿಂದ 15ಕ್ಕೆ ಹೋಗುತ್ತಿದ್ದೆವು. ನನ್ನ ಮೇಲ್‌ನಲ್ಲಿ "ರಾತ್ರಿ 2ರ ಹೊತ್ತಿಗೆ ಮುಗಿಯಬಹುದು" ಎಂದು ಬರೆದಿದ್ದೆ. ಮ್ಯಾನೇಜರ್ ಅದನ್ನು ವೇಬ್ರಿಡ್ಜ್ ಹುಡುಗನಿಗೆ "ಎರಡಕ್ಕೆ ಸರ್ವರ್ ಬರ್ತದಂತೆ" ಎಂದು ದಾಟಿಸಿದರು. ಹುಡುಗ ಚುರುಕು. ಹೊರಗೆ ಭತ್ತದ ಲಾರಿಗಳು ಸಾಲು ನಿಂತಿದ್ದವು. 1:50ಕ್ಕೆ ಸುಮ್ನೆ ಒಮ್ಮೆ ಒತ್ತಿ ನೋಡಿದ, ಸಾಫ್ಟ್‌ವೇರ್ ತೆರೆಯಿತು. ಒಂಬತ್ತು ಲಾರಿ ತೂಕ ಹಾಕಿ, ಚೀಟಿ ಪ್ರಿಂಟ್ ತೆಗೆದು ಡ್ರೈವರುಗಳ ಕೈಗೆ ಕೊಟ್ಟ. ಚೀಟಿ ನಂಬರ್ 4417ರಿಂದ 4425.

ಅದೇ ಹೊತ್ತಿಗೆ ನಾವು ಒಳಗೆ ದಲಾಲಿ ಲೆಕ್ಕದ ಹಳೆಯ ಪ್ರೋಗ್ರಾಂ ತೆರೆದೆವು. ಪರದೆಯ ಮೇಲೆ ಈ ಸಾಲು ಬಂತು:

```
ERROR: column d.adsrc does not exist
```

ಪೋಸ್ಟ್‌ಗ್ರೆಸ್ 12ರಲ್ಲಿ `pg_attrdef` ಎಂಬ ಒಳಗಿನ ಟೇಬಲ್‌ನಿಂದ `adsrc` ಕಾಲಂ ತೆಗೆದುಹಾಕಿದ್ದಾರೆ. ಆ ಪ್ರೋಗ್ರಾಂ ಅದನ್ನೇ ಹುಡುಕುತ್ತಿತ್ತು. ಪ್ರೋಗ್ರಾಂ ಬರೆದವರೇ ಅದನ್ನು ತಿದ್ದಬೇಕು, ಆ ಹೊತ್ತಿನಲ್ಲಿ ಅವರು ಎಲ್ಲಿ ಸಿಗುತ್ತಾರೆ? ಒಂದು ವಾರ ಮೊದಲು ಮಾಡಿದ ಟೆಸ್ಟ್‌ನಲ್ಲಿ ಆ ಒಂದು ಸ್ಕ್ರೀನ್ ನಾವು ತೆರೆದಿರಲಿಲ್ಲ. ಅದು ನನ್ನ ತಪ್ಪು. 3:15ಕ್ಕೆ ಹಳೆಯ ವರ್ಷನ್‌ಗೆ ವಾಪಸ್ ಹೋದೆವು.

ಹಳೆಯ ಡೇಟಾಬೇಸ್‌ಗೆ ಗೊತ್ತಿದ್ದ ಕೊನೆಯ ಚೀಟಿ 4416. ಬೆಳಿಗ್ಗೆ ಬಂದ ಮೊದಲ ಲಾರಿಗೆ ಅದು ಮತ್ತೆ 4417 ಕೊಟ್ಟಿತು. ಹತ್ತು ಗಂಟೆಗೆ ಒಬ್ಬ ರೈತರು 4419ರ ಚೀಟಿ ಹಿಡಿದು ಆಫೀಸಿಗೆ ಬಂದರು. ಕಂಪ್ಯೂಟರಿನಲ್ಲಿ 4419 ಬೇರೆ ಊರಿನ ಬೇರೆಯವರ ಹೆಸರಲ್ಲಿತ್ತು, ತೂಕವೂ ಬೇರೆ. "ನನ್ನ ಭತ್ತ ಎಲ್ಲಿ ಹೋತ್ರೀ?" ಎಂದು ಅವರು ಕೇಳಿದ ದನಿ ನನಗೆ ಇನ್ನೂ ನೆನಪಿದೆ. ಅವರ ಹಂಗಾಮಿನ ದುಡಿಮೆ ಆ ಒಂದು ಚೀಟಿಯಲ್ಲಿತ್ತು. ಹೊಸ ವರ್ಷನ್ನಿನ ಫೋಲ್ಡರ್ ಅಳಿಸಿರಲಿಲ್ಲ, ಪುಣ್ಯ. ಬೇರೆ ಮಷೀನ್‌ನಲ್ಲಿ ಅದನ್ನು ತೆರೆದು, ಒಂಬತ್ತೂ ತೂಕ ಹೊರತೆಗೆದು, ಹೊಸ ನಂಬರ್ ಹಾಕಿ ಕೈಯಿಂದ ಏರಿಸಿದೆವು. ಚೀಟಿ ಕೊಟ್ಟ ಒಂಬತ್ತು ಜನರಿಗೂ ಫೋನ್ ಮಾಡಿ ಬದಲಿ ಚೀಟಿ ಕೊಟ್ಟೆವು. ಎರಡು ದಿನ ಹಿಡಿಯಿತು.

ಹುಡುಗನನ್ನು ಬೈಯಲು ಹೊರಟವರನ್ನು ನಾನು ತಡೆದೆ. ಅವನಿಗೆ ಸಿಕ್ಕ ಮಾತಿನಂತೆ ಅವನು ನಡೆದಿದ್ದ. ಆವತ್ತಿನಿಂದ ಎರಡು ಬದಲಾವಣೆ ಮಾಡಿದ್ದೇನೆ. ಪರೀಕ್ಷೆ ಮುಗಿಯುವವರೆಗೆ `pg_hba.conf`ನಲ್ಲಿ ನಮ್ಮ ಎರಡು ಕಂಪ್ಯೂಟರಿಗೆ ಮಾತ್ರ ದಾರಿ ಇರುತ್ತದೆ, ಬೇರೆ ಎಲ್ಲಿಂದ ಒತ್ತಿದರೂ ತೆರೆಯುವುದಿಲ್ಲ. ಇನ್ನೊಂದು, ಮೇಲ್‌ನಲ್ಲಿ "ಮುಗಿಯಬಹುದು" ಎಂದು ಬರೆಯುವುದನ್ನೇ ಬಿಟ್ಟಿದ್ದೇನೆ. ಈಗ ಹೀಗೆ ಬರೆಯುತ್ತೇನೆ:

> ಶನಿವಾರ ರಾತ್ರಿ 10ರಿಂದ ಭಾನುವಾರ ಬೆಳಗಿನ ಜಾವ 4ರವರೆಗೆ ಬಿಲ್ಲಿಂಗ್, ವೇಬ್ರಿಡ್ಜ್, ಸ್ಟಾಕ್ ಯಾವುದೂ ಇರುವುದಿಲ್ಲ. 9:45ಕ್ಕೆ ಎಲ್ಲರೂ ಸೇವ್ ಮಾಡಿ ಹೊರಬನ್ನಿ. ತೆರೆದಿಟ್ಟ ಬಿಲ್ ಉಳಿಯುವುದಿಲ್ಲ. ರಾತ್ರಿ ಬರುವ ಲಾರಿಗೆ ಕಾಗದದ ಪುಸ್ತಕದಲ್ಲಿ ಗಾಡಿ ನಂಬರ್, ತುಂಬಿದ ತೂಕ, ಖಾಲಿ ತೂಕ, ಸಮಯ ಬರೆಯಿರಿ. ಚೀಟಿ ನಂಬರಿನ ಮುಂದೆ "ರಾ" ಎಂದು ಹಾಕಿ. "ಶುರು ಮಾಡಿ" ಎಂದು ನನ್ನ ಮೆಸೇಜ್ ಬರುವವರೆಗೆ, 4 ಗಂಟೆ ದಾಟಿದರೂ, ಎಂಟ್ರಿ ಹಾಕಬೇಡಿ.

ಎರಡೂ ದಿನದ ಹೆಸರು ಬರೆಯುವುದಕ್ಕೆ ಕಾರಣ ಇದೆ. "ಭಾನುವಾರ ರಾತ್ರಿ 2" ಅಂದರೆ ಅರ್ಧ ಜನ ಒಂದು ದಿನ ತಡವಾಗಿ ತಯಾರಾಗುತ್ತಾರೆ. ದಿನವನ್ನೂ ನೋಡಿ ಇಡುತ್ತೇನೆ. ಜಿಎಸ್‌ಟಿ ರಿಟರ್ನ್ ಹಾಕುವ 11 ಮತ್ತು 20ನೇ ತಾರೀಖಿನ ಹತ್ತಿರ ಬೇಡ, ತಿಂಗಳ ಕೊನೆ ಬೇಡ, ಭತ್ತದ ಸುಗ್ಗಿಯಲ್ಲಂತೂ ಬೇಡವೇ ಬೇಡ.

ಭಾನುವಾರ ಬೆಳಿಗ್ಗೆ ಏನು ಕಾಣುತ್ತದೆ? ಸ್ಕ್ರೀನ್ ಹಾಗೇ ಇರುತ್ತದೆ, ಪಾಸ್‌ವರ್ಡ್ ಅದೇ. ಹಳೆಯ ಕಿಟಕಿ ಮುಚ್ಚಿ ಹೊಸದಾಗಿ ಲಾಗಿನ್ ಆಗಿ. ದೊಡ್ಡ ರಿಪೋರ್ಟ್ ಮೊದಲ ಸಲ ನಿಧಾನವಾಗಬಹುದು. ಯಾವ ಟೇಬಲ್‌ನಲ್ಲಿ ಎಷ್ಟು ದಾಖಲೆ, ಯಾವ ದಾರಿಯಲ್ಲಿ ಹುಡುಕಿದರೆ ಬೇಗ ಎಂಬ ಅಂದಾಜು 17ಕ್ಕೆ ಹೋಗುವಾಗ ಜೊತೆಗೆ ಬರುವುದಿಲ್ಲ, ಹೊಸದಾಗಿ ಲೆಕ್ಕ ಹಾಕಿಸಬೇಕು. ಅದನ್ನು ರಾತ್ರಿಯೇ `vacuumdb --all --analyze-in-stages` ಓಡಿಸಿ ಮಾಡಿಸುತ್ತೇವೆ. ಆದರೂ ಯಾವುದಾದರೂ ರಿಪೋರ್ಟ್ ಹತ್ತು ನಿಮಿಷ ತಿರುಗುತ್ತಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಒತ್ತಿದಷ್ಟೂ ಅದೇ ಕೆಲಸ ಸರ್ವರ್ ಮೇಲೆ ಜಾಸ್ತಿ ಬೀಳುತ್ತದೆ. ರಿಪೋರ್ಟ್ ಹೆಸರು ಮತ್ತು ಸಮಯ ಬರೆದು ನನಗೆ ಕಳಿಸಿ, ಸಾಕು.

ಮೆಸೇಜ್ ಬಂದ ಮೇಲೆ ಮೊದಲು "ರಾ" ಚೀಟಿಗಳನ್ನು ಏರಿಸಿ, ಆಮೇಲೆ ಹೊಸ ಲಾರಿ ತೆಗೆದುಕೊಳ್ಳಿ. ಏರಿಸುವಾಗ ಲೆಕ್ಕ ಎಲ್ಲಾದರೂ ವಿಚಿತ್ರವಾಗಿ ಕಂಡರೆ ಆಗಲೇ ಫೋನ್ ಮಾಡಿ. ಬೆಳಿಗ್ಗೆ 6ಕ್ಕೆ ಹೇಳಿದರೆ ವಾಪಸ್ ಹೋಗಲು ಎರಡು ತಾಸಿನ ಎಂಟ್ರಿ ಮತ್ತೆ ಹಾಕಿದರೆ ಆಯಿತು. ಸಂಜೆ ಹೇಳಿದರೆ ಇಡೀ ದಿನದ್ದು ಹಾಕಬೇಕಾಗುತ್ತದೆ. ಸೋಮವಾರದ ಹೊತ್ತಿಗೆ ನಾನು ವಾಪಸ್ ಹೋಗುವ ಮಾತೇ ಆಡುವುದಿಲ್ಲ, ಹೊಸದರಲ್ಲೇ ಸರಿಮಾಡುತ್ತೇನೆ.