ಕ್ವೀನ್, ರೂಕ್ ಉಳಿದಾಗ h3 ಆಡಿದ್ರೆ ಒಂದು ನಡೆ ದಂಡನಾ?

ಓದುಗರ ಪ್ರಶ್ನೆ: "ಕ್ವೀನ್ ಮತ್ತು ರೂಕ್‌ಗಳೇ ಉಳಿದ ಆಟದಲ್ಲಿ ಪದೇ ಪದೇ ಬ್ಯಾಕ್ ರ್ಯಾಂಕ್ ಮೇಟ್ ತಿಂತಿದ್ದೀನಿ. ಭಯಕ್ಕೆ ಮೊದಲೇ h3 ಆಡಿದ್ರೆ ನಡೆ ದಂಡ ಮಾಡ್ಬೇಡ ಅಂತಾರೆ. ಯಾವಾಗ ಆಡ್ಬೇಕು?"

ಮೊದಲು ಒಂದು ಆಟ ನೋಡೋಣ. 1914, ಮಾಸ್ಕೋ. ಬಿಳಿ ಬರ್ನ್‌ಸ್ಟೈನ್, ಕಪ್ಪು ಕಪಾಬ್ಲಾಂಕಾ. ಬೋರ್ಡ್ ಹತ್ತಿರ ಇದ್ದರೆ ಜೋಡಿಸಿಕೊಳ್ಳಿ.

```
ಬಿಳಿ: Kg1 Qe2 Rc3, ಪಾನ್ a2 e3 f2 g2 h2
ಕಪ್ಪು: Kg8 Qb6 Rd8, ಪಾನ್ a7 f7 g7 h7
```

ಬಿಳಿ ಈಗಷ್ಟೇ c3ಯಲ್ಲಿ ರೂಕ್ ಹೊಡೆದು ಒಂದು ಪಾನ್ ಜಾಸ್ತಿ ಮಾಡಿಕೊಂಡಿದೆ. ಈಗ ಕಪ್ಪಿನ ಸರದಿ. ಎಲ್ಲ ಸರಿಯಾಗೇ ಕಾಣುತ್ತೆ ಅಲ್ವಾ? ಆದರೆ ಬಿಳಿ ರಾಜನ ಮುಂದಿನ ಮೂರೂ ಮನೆ ಅವನದೇ ಪಾನ್‌ಗಳಿಂದ ಮುಚ್ಚಿವೆ. ಕಪ್ಪು ರೂಕ್ ಪೂರ್ತಿ ತೆರೆದ d ಸಾಲಿನಲ್ಲಿ ಕೂತಿದೆ. ಅದು d1ಕ್ಕೆ ಇಳಿದರೆ ಹೊಡೆಯೋದಕ್ಕೆ ಯಾರಿದ್ದಾರೆ? e2ನಲ್ಲಿರೋ ಕ್ವೀನ್ ಒಬ್ಬಳೇ.

ಅಪಾಯ ಗುರುತಿಸೋಕೆ ನಾನು ನೋಡೋದು ಇಷ್ಟೇ: ರಾಜನಿಗೆ ಓಡಲು ಮನೆ ಇದೆಯಾ, ಎದುರಾಳಿಯ ರೂಕ್ ಅಥವಾ ಕ್ವೀನ್‌ಗೆ ನನ್ನ ಕೊನೆ ಸಾಲಿಗೆ ದಾರಿ ಇದೆಯಾ, ಇದ್ದರೆ ಅದನ್ನು ಕಾಯ್ತಿರೋರು ಎಷ್ಟು ಜನ. ಕಾವಲು ಒಂದೇ ಆಗಿದ್ದು ಅದಕ್ಕೆ ಇನ್ನೊಂದು ಕೆಲಸವೂ ಬಿದ್ದರೆ ಅಪಾಯ ಶುರು.

ಕಪಾಬ್ಲಾಂಕಾ Qb2 ಆಡಿದರು, ಬರ್ನ್‌ಸ್ಟೈನ್ ಅಲ್ಲೇ ಸೋಲೊಪ್ಪಿದರು. ಆ ಒಂದು ನಡೆ ಕ್ವೀನ್‌ಗೂ ರೂಕ್‌ಗೂ ಒಟ್ಟಿಗೆ ಗುರಿ ಇಡುತ್ತೆ. Qxb2 ಅಂದ್ರೆ ಕಾವಲು ಬಿಟ್ಟ ಹಾಗೆ, Rd1 ಮೇಟ್. Qe1 ಆಡಿ ರೂಕ್ ಕಾಯೋಣ ಅಂದ್ರೆ Qxc3, ತಿರುಗಿ Qxc3, ಆಮೇಲೆ Rd1+, Qe1, Rxe1 ಮೇಟ್. Rc2 ಆಡಿದ್ರೆ Qb1+ ಬಂದು ರೂಕ್ ಹೋಗುತ್ತೆ. ಈಗ ಗಾಬರಿಯಿಂದ h3 ಆಡಿದ್ರೂ ಕಪ್ಪು ಸುಮ್ನೆ Qxe2 ಅಂತ ಕ್ವೀನ್ ತಿಂದು ಹೋಗುತ್ತೆ.

ಇನ್ನೊಂದು ವಿಷಯ, ಇದು ನನಗೆ ತುಂಬಾ ಇಷ್ಟ. ಕಪ್ಪು ರಾಜನಿಗೂ ಕಿಟಕಿ ಇಲ್ಲ! ಅದಕ್ಕೇ ಮೊದಲು Qb1+ ಆಡಿ, Qf1 ಬಂದ ಮೇಲೆ ಆಸೆಯಿಂದ Rd1 ಅಂದ್ರೆ ಬಿಳಿ Rc8+ ಆಡುತ್ತೆ, ರೂಕ್ d8ಗೆ ವಾಪಸ್ ಬರಲೇಬೇಕು, Rxd8 ಮೇಟ್. ಮೇಟ್ ಹುಡುಕೋ ಹುರುಪಿನಲ್ಲಿ ನಮ್ಮದೇ ಕೊನೆ ಸಾಲು ಮರೆತುಹೋಗೋದು ಹೀಗೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಅದೇ ಚಿತ್ರದಲ್ಲಿ ಬಿಳಿ ಪಾನ್ h2 ಬದಲು ಮೊದಲೇ h3ಯಲ್ಲಿ ಇತ್ತು ಅಂದುಕೊಳ್ಳಿ. Qb2ಗೆ ಬಿಳಿ ನಿಶ್ಚಿಂತೆಯಿಂದ Qxb2 ಅನ್ನುತ್ತೆ. Rd1+ ಬಂದರೆ Kh2, ಕಪ್ಪು ಒಂದು ಕ್ವೀನ್ ಕಳಕೊಂಡಂತೆ. ಆ ಸಣ್ಣ ನಡೆ ಕೊಡೋ ಲಾಭ ಇದು: ಕಾವಲಿಗೆ ಕಟ್ಟಿಹಾಕಿದ ಕ್ವೀನ್‌ಗೆ ಬಿಡುಗಡೆ ಸಿಗುತ್ತೆ. ನಿಮ್ಮ ಕ್ವೀನ್ ಅಥವಾ ರೂಕ್ ಕೊನೆ ಸಾಲು ಬಿಟ್ಟು ಕದಲೋಕೆ ಆಗ್ತಿಲ್ಲ ಅನ್ನಿಸಿದಾಗ h3 ಆಡಿದ್ರೆ ಅದು ದಂಡ ಆಗಲ್ಲ. ಬದಲಿಗೆ ನಿಮ್ಮ ಒಂದು ರೂಕ್ ಹೇಗೂ ಮೊದಲ ಸಾಲಲ್ಲೇ ಗಟ್ಟಿಯಾಗಿ ಕೂತಿದ್ದು ಅದಕ್ಕೆ ಬೇರೆ ಕೆಲಸ ಇಲ್ಲದಿದ್ದರೆ ಆತುರ ಬೇಡ.

ಆದರೆ ಸಮಯ ನೋಡಬೇಕು. ಅದೇ ಆಟದಲ್ಲಿ ಎರಡು ನಡೆ ಹಿಂದೆ, 27ನೇ ನಡೆಗೆ, ಬಿಳಿ ಕುದುರೆ b5ನಲ್ಲಿತ್ತು. c5ನ ರೂಕ್, b6ನ ಕ್ವೀನ್ ಎರಡೂ ಅದರ ಮೇಲೆ ಕಣ್ಣಿಟ್ಟಿದ್ದವು, ಕಾಯ್ತಿದ್ದದ್ದು ಕ್ವೀನ್ ಮಾತ್ರ. ಆಗ h3 ಆಡಿದ್ರೆ Rxb5, ಕುದುರೆ ಹೋಯ್ತು. ಬರ್ನ್‌ಸ್ಟೈನ್ c3ಯ ಪಾನ್ ತಿಂದರು, ಅದೂ ತಪ್ಪಾಯ್ತು. ಸರಿಯಾದದ್ದು ಕುದುರೆಯನ್ನು d4ಗೆ ವಾಪಸ್ ತರೋದು. ಅಂದ್ರೆ h3ಗೆ ಮುಂಚೆ ಕೇಳಿಕೊಳ್ಳಿ: ನನ್ನದು ಏನಾದರೂ ಈಗಲೇ ಹೊಡೆತಕ್ಕೆ ಸಿಕ್ಕಿದೆಯಾ? ಎದುರಾಳಿಗೆ ಈಗಲೇ ಚೆಕ್ ಅಥವಾ ಬೆದರಿಕೆ ಇದೆಯಾ? ಎರಡಕ್ಕೂ ಇಲ್ಲ ಅಂತ ಉತ್ತರ ಬಂದ್ರೆ ಆಡಿ.

ಯಾವ ಪಾನ್ ದೂಡೋದು? ಸಾಮಾನ್ಯವಾಗಿ h3. g3 ಆಡಿದ್ರೆ f3, h3 ಮನೆಗಳು ಸಡಿಲವಾಗಿ ಕ್ವೀನ್ ಒಳಗೆ ನುಗ್ಗುತ್ತೆ. ಆದರೆ ಎದುರಾಳಿಯ ಕ್ವೀನ್ c7 ಅಥವಾ d6ನಲ್ಲಿ ಕೂತು ಖಾಲಿ ಕರ್ಣದಲ್ಲಿ h2ವನ್ನೇ ನೋಡ್ತಿದ್ರೆ h3 ತೆರೆದ ಕಿಟಕಿಗೆ ಹೊರಗಿನಿಂದ ಚಿಲಕ ಬಿದ್ದಿದೆ. ಆಗ g3 ಆಡಿ ಆ ದಾರಿ ಮುಚ್ಚಿ, ರಾಜನಿಗೆ g2 ಕೊಡಿ.