‘ಮೈ ಮುಟ್ಟಿದ್ರ ಜುಮ್ ಅಂತದ್ರೀ’: ಬನಹಟ್ಟಿಯ ಹಸಿ ಶೆಡ್ಡು, ಮೋಟಾರಿನ ಅರ್ಥ್ ತಂತಿ

ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಶೆಡ್ಡುಗಳ ನೆಲ ಒಣಗುವುದೇ ಅಪರೂಪ. ತೊಟ್ಟಿಯ ಪಕ್ಕದಲ್ಲಿ ನೂಲಿನ ನೀರು ಹಿಂಡುವ ಯಂತ್ರ ತಿರುಗುತ್ತಿರುತ್ತದೆ. ಕೆಲಸದವರು ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಅದರ ಮುಚ್ಚಳ ತೆಗೆಯುತ್ತಾರೆ. ‘ಆಗಾಗ ಜುಮ್ ಅಂತದ್ರೀ, ಅದೇನ್ ದೊಡ್ಡದಲ್ಲ’ ಎಂಬ ಮಾತು ಇಂಥ ಕಡೆ ಹೊಸದಲ್ಲ. ನನ್ನ ಮಟ್ಟಿಗೆ ಅದು ದೊಡ್ಡದೇ.

ಮೋಟಾರಿನ ಮೈಗೆ ಎರಡು ಅರ್ಥ್ ತಂತಿ ಯಾಕೆ?

ಇದು ಹಳೆಯ ನಿಯಮ. 1956ರ ಭಾರತೀಯ ವಿದ್ಯುತ್ ನಿಯಮಗಳ 61ನೇ ನಿಯಮದಲ್ಲೇ, ಮೂರು ಫೇಸ್ ಮೋಟಾರಿನ ಮೈಯನ್ನು ಎರಡು ಬೇರೆ ಬೇರೆ ಸಂಪರ್ಕಗಳಿಂದ ಭೂಮಿಗೆ ಜೋಡಿಸಬೇಕು ಎಂದಿತ್ತು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದಾಗಲೂ ಈ ಮಾತು ಉಳಿಯಿತು. ಕಾರಣ ಸರಳ. ದೀಪದ ತಂತಿ ತುಂಡಾದರೆ ದೀಪ ಆರುತ್ತದೆ, ಗೊತ್ತಾಗುತ್ತದೆ. ಅರ್ಥ್ ತಂತಿ ತುಂಡಾದರೆ ಮೋಟಾರ್ ಏನೂ ಆಗದವರಂತೆ ತಿರುಗುತ್ತಲೇ ಇರುತ್ತದೆ.

ಆದರೆ ಎಷ್ಟೋ ಕಡೆ ಎರಡೂ ತಂತಿಗಳನ್ನು ತಂದು ಒಂದೇ ಬೋಲ್ಟಿಗೆ ಬಿಗಿದಿರುತ್ತಾರೆ. ಬಣ್ಣದ ಉಪ್ಪು ನೀರಿಗೆ ಆ ಬೋಲ್ಟ್ ತುಕ್ಕು ಹಿಡಿದರೆ ಎರಡೂ ಒಟ್ಟಿಗೇ ಹೋದವು. ಅದು ಲೆಕ್ಕಕ್ಕೆ ಎರಡು, ಕೆಲಸಕ್ಕೆ ಒಂದು.

ಅರ್ಥ್ ಸರಿಯಾಗಿದ್ದರೆ ಸಾಕಲ್ವಾ? ಕರೆಂಟು ಮಿತಿ ಮೀರಿದರೆ ಲೈನ್ ಕಡಿಯುವ ಎಂಸಿಬಿ, ಫಾಲ್ಟ್ ಆದರೆ ಬೀಳುತ್ತದಲ್ಲ?

ಎಲ್ಲರೂ ಹೀಗೇ ನಂಬಿರುತ್ತಾರೆ. ಒಂದು ಲೆಕ್ಕ ಹಾಕಿ ನೋಡೋಣ. ನೀರು ಹಿಂಡುವ ಯಂತ್ರದ್ದು 3 ಎಚ್‌ಪಿ ಮೋಟಾರ್, ಲೈನಿನಲ್ಲಿ 16 ಆಂಪಿಯರ್ ಎಂಸಿಬಿ ಇದೆ ಅಂದುಕೊಳ್ಳಿ. ಯಂತ್ರಕ್ಕೇ ಬಿಗಿದ ತಗಡಿನ ಸ್ಟಾರ್ಟರ್ ಡಬ್ಬಿಗೆ ಕೇಬಲ್ ಹೋಗುವ ತೂತಿನಲ್ಲಿ ಅದನ್ನು ಅಲುಗದಂತೆ ಹಿಡಿಯುವ ಗ್ಲ್ಯಾಂಡ್ ಇಲ್ಲ. ಯಂತ್ರದ ಅದುರಾಟಕ್ಕೆ ವೈರಿನ ಸಿಪ್ಪೆ ಸವೆದು ಒಂದು ಫೇಸ್ ತಗಡಿಗೆ ತಾಗಿತು. ಈಗ ಕರೆಂಟು ಶೆಡ್ಡಿನ ಅರ್ಥ್ ಪಿಟ್ ಮೂಲಕ ಮಣ್ಣಿಗಿಳಿದು, ಟ್ರಾನ್ಸ್‌ಫಾರ್ಮರಿನ ಅರ್ಥ್ ಮೂಲಕ ವಾಪಸ್ ಹೋಗಬೇಕು. ಶೆಡ್ಡಿನ ಪಿಟ್ 10 ಓಮ್, ಟ್ರಾನ್ಸ್‌ಫಾರ್ಮರಿನದು 5 ಓಮ್ ಎಂದಿಟ್ಟುಕೊಂಡರೆ ಒಟ್ಟು 15. ವೋಲ್ಟೇಜು 230. ಅಂದರೆ ಹರಿಯುವುದು ಸುಮಾರು 15 ಆಂಪಿಯರ್.

16 ಆಂಪಿಯರಿನ ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ. ತಾಗಿದ ಜಾಗ ಸ್ಟಾರ್ಟರಿಗಿಂತ ಹಿಂದೆ ಇರುವುದರಿಂದ, ಮೋಟಾರ್ ಹೆಚ್ಚು ಕರೆಂಟು ಎಳೆದರೆ ನಿಲ್ಲಿಸುವ ಓವರ್‌ಲೋಡ್ ರಿಲೇಗೂ ಗೊತ್ತಾಗುವುದಿಲ್ಲ. ಯಂತ್ರದ ಮೈಯಲ್ಲಿ ಮಾತ್ರ 15ನ್ನು 10ರಿಂದ ಗುಣಿಸಿದಷ್ಟು, ಅಂದರೆ ಸುಮಾರು 150 ವೋಲ್ಟ್ ನಿಂತೇ ಇರುತ್ತದೆ. ಒದ್ದೆ ಮೈಯ ತಡೆ 1000 ಓಮ್‌ನಷ್ಟು ಎಂದು ಹಿಡಿದರೂ ಮುಟ್ಟಿದವರ ಮೈಯಲ್ಲಿ 150 ಮಿಲಿಆಂಪಿಯರ್ ಹರಿಯಬಹುದು. ಜೀವ ತೆಗೆಯಲು ಅದು ಧಾರಾಳ. ಅರ್ಥ್ ಇತ್ತು, ಎಂಸಿಬಿಯೂ ಇತ್ತು. ಎರಡೂ ಕೆಟ್ಟಿರಲಿಲ್ಲ.

ಕಪ್ಪು ಮಣ್ಣಿನ ಊರುಗಳಲ್ಲಿ ಇನ್ನೊಂದು ತೊಂದರೆ. ಬೇಸಿಗೆಯಲ್ಲಿ ಎರೆ ಮಣ್ಣು ಬಿರಿದು ಅರ್ಥ್ ಪಿಟ್‌ನ ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಅಳೆದ 10 ಓಮ್ ಏಪ್ರಿಲ್‌ನಲ್ಲಿ 10 ಆಗಿರುವುದಿಲ್ಲ.

ಹಾಗಾದರೆ ಸೋರಿಕೆ ಕಂಡರೆ ಲೈನ್ ಕಡಿಯುವ ಇಎಲ್‌ಸಿಬಿ ಏನು ಮಾಡುತ್ತದೆ?

ಮೊದಲು ಬಂದ ಇಎಲ್‌ಸಿಬಿ ವೋಲ್ಟೇಜು ನೋಡುವ ಜಾತಿಯದು. ಯಂತ್ರದ ಮೈ ಮತ್ತು ಅರ್ಥ್ ನಡುವೆ ಅದರ ಕಾಯಿಲ್ ಇರುತ್ತಿತ್ತು. ಮೈಗೆ ಬಂದ ಕರೆಂಟು ಆ ಕಾಯಿಲ್ ಮೂಲಕವೇ ಇಳಿದರೆ ಮಾತ್ರ ಟ್ರಿಪ್. ಹಸಿ ಶೆಡ್ಡಿನಲ್ಲಿ ಅದು ಸೋತಿದ್ದು ಇಲ್ಲಿಯೇ. ಬುನಾದಿ ಬೋಲ್ಟು, ನೀರಿನ ಪೈಪು, ಒದ್ದೆ ಕಾಂಕ್ರೀಟು ಎಲ್ಲವೂ ಕರೆಂಟಿಗೆ ಕಳ್ಳದಾರಿ. ಕಾಯಿಲ್ ಪಾಲಿಗೆ ಉಳಿಯುವುದು ಕಡಿಮೆ.

ಈಗ ಸಿಗುವುದು ಆರ್‌ಸಿಸಿಬಿ. ಹೆಸರು ಮಾತ್ರ ಬಾಯಲ್ಲಿ ಇಎಲ್‌ಸಿಬಿ ಎಂದೇ ಉಳಿದಿದೆ. ಮೂರು ಫೇಸ್ ಮತ್ತು ನ್ಯೂಟ್ರಲ್ ಒಂದೇ ಬಳೆಯೊಳಗೆ ಹಾದುಹೋಗುತ್ತವೆ. ಹೋದಷ್ಟೇ ವಾಪಸ್ ಬಂದರೆ ಲೆಕ್ಕ ಸೊನ್ನೆ. ಮಣ್ಣಿಗೆ ಸೋರಿದ್ದು ಯಾವ ದಾರಿ ಹಿಡಿದರೂ ಲೆಕ್ಕದಲ್ಲಿ ಕೊರತೆ ಕಾಣುತ್ತದೆ. ನಮ್ಮ ಲೆಕ್ಕದ 15 ಆಂಪಿಯರ್ ಸೋರಿಕೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಬೀಳಬೇಕು.

ಎರಡು ಫೇಸ್ ಒಟ್ಟಿಗೆ ಮುಟ್ಟಿದವರನ್ನು ಮಾತ್ರ ಅದು ಉಳಿಸುವುದಿಲ್ಲ. ಅಲ್ಲಿ ಸೋರಿಕೆಯೇ ಇಲ್ಲವಲ್ಲ.

ಮಳೆಗಾಲದಲ್ಲಿ ಆರ್‌ಸಿಸಿಬಿ ದಿನಾ ಬೆಳಿಗ್ಗೆ ಸುಮ್ನೆ ಬೀಳುತ್ತದೆ. ಬೈಪಾಸ್ ಮಾಡಿಬಿಡಲೇ?

ಅದು ಸುಮ್ನೆ ಬೀಳುತ್ತಿಲ್ಲ. ರಾತ್ರಿಯೆಲ್ಲ ನಿಂತ ಮೋಟಾರಿನ ವೈಂಡಿಂಗ್ ತೇವ ಹೀರಿರುತ್ತದೆ. ಮೇನ್ ತೆಗೆದು, ಮೋಟಾರಿನ ವೈರು ಬಿಚ್ಚಿ, ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರ್‌ನಿಂದ ವೈಂಡಿಂಗ್ ಮತ್ತು ಮೈ ನಡುವೆ ಅಳೆಯಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಮೋಟಾರ್ ಒಣಗಿಸಿ ಮತ್ತೆ ಅಳೆಯಿರಿ. ರೀಡಿಂಗ್ ಏರಿದರೆ ತೇವ, ಏರದಿದ್ದರೆ ರೀವೈಂಡಿಂಗ್.

ಮೋಟಾರ್ ಬಿಚ್ಚಿಟ್ಟರೂ ಬೀಳುತ್ತಿದ್ದರೆ ಬೇರೆ ಕಡೆ ಹುಡುಕಿ. ಆರ್‌ಸಿಸಿಬಿ ದಾಟಿದ ಮೇಲೆ ಬಲ್ಬಿನ ನ್ಯೂಟ್ರಲ್‌ನ್ನು ಯಾರೋ ಅರ್ಥ್‌ಗೆ ಸೇರಿಸಿರುತ್ತಾರೆ. ಜಾಸ್ತಿ ಕಾಣುವ ತಪ್ಪು ಇದೇ.

ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆ. ಅಂದರೆ ಎಲ್ಲ ಸರಿ ಇದೆ ಅಂತಲೇ?

ಆರ್‌ಸಿಸಿಬಿ ಸರಿ ಇದೆ, ಅಷ್ಟೇ. ಬಟನ್ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ ಸುಳ್ಳು ಸೋರಿಕೆ ತೋರಿಸುತ್ತದೆ. ಎರಡೂ ಅರ್ಥ್ ತಂತಿ ಕಿತ್ತು ನೆಲದಲ್ಲಿ ಬಿದ್ದಿದ್ದರೂ ಬಟನ್ ಒತ್ತಿದರೆ ಅದು ಬೀಳುತ್ತದೆ. ಆಗ ಮೈಗೆ ಬಂದ ಕರೆಂಟಿಗೆ ಮಣ್ಣಿನ ದಾರಿ ಯಂತ್ರ ಮುಟ್ಟಿದ ಮನುಷ್ಯನೇ ಆಗಬಹುದು. ಆರ್‌ಸಿಸಿಬಿ ಬೀಳುವುದು ಅವನಿಗೆ ಹೊಡೆದ ಮೇಲೆ.