7:42ರ ಸ್ಲೋ ಲೋಕಲ್

ತಾನಾಡುವ ಆಟವನ್ನು ಲೈವ್ ತೋರಿಸುವ ಈ ಹುಡುಗನಿಗೆ ಈಗಷ್ಟೇ ಹದಿನಾರು ತುಂಬಿದೆ. ಯೂಟ್ಯೂಬಿನಲ್ಲಿ ಒಬ್ಬನೇ ಲೈವ್ ಹೋಗಲು ಈಗ ಅಷ್ಟು ವಯಸ್ಸು ಬೇಕು, 2025ರ ಜುಲೈವರೆಗೆ ಹದಿಮೂರು ಸಾಕಾಗಿತ್ತು. ಮುಂಬಯಿಯ ಸೆಂಟ್ರಲ್ ಲೈನಿನ ಒಂದು ಸ್ಟೇಷನ್ ಪಕ್ಕದಲ್ಲಿ ಇವರ ಮನೆ. ಯಾವ ಸ್ಟೇಷನ್ ಎಂದು ಬರೆದರೆ ಈ ಅಂಕಣ ಬರೆದು ಪ್ರಯೋಜನವಿಲ್ಲ.

ತಾಯಿಗೆ ಅರ್ಥವೇ ಆಗಿರಲಿಲ್ಲ. "ಮುಖ ತೋರಿಸೋದಿಲ್ಲ ಸರ್, ಹೆಸರೂ ಬೇರೆಯೇ ಇಟ್ಟುಕೊಂಡಿದ್ದಾನೆ. ಆದರೂ ಯಾರೋ ಚಾಟಿನಲ್ಲಿ ನಮ್ಮ ಸ್ಟೇಷನ್ ಹೆಸರು ಹಾಕಿ, ಕೆಳಗೆ ಬರಲಾ ಅಂತ ಕೇಳಿದ್ದಾನೆ."

ಆ ದಿನದ ರೆಕಾರ್ಡಿಂಗ್ ಹಾಕಿಕೊಂಡು ಹೆಡ್‌ಫೋನಿನಲ್ಲಿ ಕೇಳುತ್ತಾ ಕೂತೆ. ನಲವತ್ತನೇ ನಿಮಿಷದ ಹೊತ್ತಿಗೆ, ಆಟದ ಗದ್ದಲ ಸ್ವಲ್ಪ ತಗ್ಗಿದಾಗ, ಕಿಟಕಿಯಿಂದ ಪ್ಲಾಟ್‌ಫಾರ್ಮಿನ ಘೋಷಣೆ ಬಂತು: 7 ಗಂಟೆ 42 ನಿಮಿಷದ ಸಿಎಸ್‌ಎಂಟಿ ಸ್ಲೋ ಲೋಕಲ್, ಪ್ಲಾಟ್‌ಫಾರ್ಮ್ ನಂಬರ್ ಒಂದು. ಅದರಲ್ಲಿ ಸ್ಟೇಷನ್ನಿನ ಹೆಸರಿಲ್ಲ, ಹಾಗಾಗಿ ಮನೆಯವರು ಯಾರೂ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೆ ಸ್ಲೋ ಲೋಕಲ್ ಒಂದೊಂದು ಸ್ಟೇಷನ್ನಿಗೆ ಒಂದೊಂದು ನಿಮಿಷಕ್ಕೆ ಬರುತ್ತದೆ. ಟೈಮ್‌ಟೇಬಲ್ ನಮ್ಮೆಲ್ಲರ ಮೊಬೈಲಿನಲ್ಲೂ ಇದೆ. 7:42ಕ್ಕೆ ಸಿಎಸ್‌ಎಂಟಿ ಕಡೆಯ ಸ್ಲೋ ಯಾವ್ಯಾವ ಸ್ಟೇಷನ್ನಿನಲ್ಲಿದೆ ಎಂದು ನೋಡಿದರೆ ಉಳಿಯುವುದು ಕೆಲವೇ ಹೆಸರು. ಮರುದಿನದ ಲೈವಿನಲ್ಲಿ ಇನ್ನೊಂದು ಗಾಡಿಯ ಸಮಯ ಕೇಳಿಸಿಕೊಂಡು ತಾಳೆ ಹಾಕಿದರೆ ಒಂದೇ.

ಮಿಕ್ಕಿದ್ದನ್ನು ಮನೆಯವರೇ ಕೊಟ್ಟಿದ್ದರು. "ಬಿ ವಿಂಗಿನ ಆಂಟಿ ಬಂದಿದ್ದಾರೆ, ಚಾವಿ ಕೊಡೋ" ಎಂದು ತಾಯಿ ಕೂಗಿದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಯಾರೋ ಚಾಟಿನಲ್ಲಿ "ನಾಳೆ ಬರ್ತೀಯಾ" ಎಂದಾಗ ಹುಡುಗ ತನ್ನ ಪರೀಕ್ಷೆ ಯಾವತ್ತು ಶುರು ಎಂಬುದನ್ನೇ ಹೇಳಿಬಿಟ್ಟ. ನಡುವೆ ಒಮ್ಮೆ ಕ್ಯಾಮೆರಾ ತಿರುಗಿಸಿದಾಗ ಬಾಗಿಲ ಹಿಂದೆ ನೇತುಹಾಕಿದ್ದ ಶಾಲೆಯ ಟೈ ಎರಡು ಸೆಕೆಂಡು ಕಂಡಿತ್ತು. ಆ ಸ್ಟೇಷನ್ ಸುತ್ತ ಆ ಬಣ್ಣದ ಪಟ್ಟೆಯ ಟೈ ಎಷ್ಟು ಶಾಲೆಗಳಲ್ಲಿದೆ?

ಹುಡುಗ ಜಾಣ. "ನಾಯ್ಸ್ ಸಪ್ರೆಶನ್ ಹಾಕಿದ್ದೆ ಅಂಕಲ್" ಎಂದ. ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. ಲೈವ್ ಕಳಿಸಲು ಬಳಸುವ ಸಾಫ್ಟ್‌ವೇರ್ OBSನಲ್ಲಿರುವ `Noise Suppression` ಫ್ಯಾನಿನ ಗುಂಯ್, ಎಸಿಯ ಸದ್ದು ಇಂಥವನ್ನು ಚೆನ್ನಾಗಿ ತೆಗೆಯುತ್ತದೆ. ಮನುಷ್ಯರ ಮಾತು ಉಳಿಸುವುದೇ ಅದರ ಕೆಲಸ, ಹಾಗಾಗಿ ಘೋಷಣೆಯ ದನಿ, ಅಮ್ಮನ ಕೂಗು ಎರಡೂ ದಾಟಿ ಬರಬಹುದು. `Noise Gate` ಹಾಕಿದರೆ ನಾವು ಸುಮ್ಮನಿದ್ದಾಗ ಮೈಕ್ ಮುಚ್ಚುತ್ತದೆ, ಆದರೆ ಬಾಯಿ ತೆರೆದೊಡನೆ ಅದೂ ತೆರೆಯುತ್ತದೆ, ಹಿಂದಿನ ಸದ್ದು ಜೊತೆಗೇ ಒಳಗೆ. ಗುಂಡಿ ಒತ್ತಿ ಹಿಡಿದಾಗ ಮಾತ್ರ ಮೈಕ್ ಕೆಲಸ ಮಾಡುವ `Push-to-talk` ಇವೆರಡಕ್ಕಿಂತ ಮೇಲು. ಅದಕ್ಕೂ ಮೇಲು, ಹಳಿಯ ಕಡೆ ಕಿಟಕಿಯಿಲ್ಲದ ಕೋಣೆ. ಮುಂಬಯಿಯ ಫ್ಲಾಟಿನಲ್ಲಿ ಅಂಥ ಕೋಣೆ ಇದ್ದರೆ ತಾನೇ, ಎನ್ನಬಹುದು. ಇವರ ಮನೆಯಲ್ಲಿ ಅಡುಗೆಮನೆಯ ಪಕ್ಕ ಒಂದಿತ್ತು.

ಎರಡನೆಯ ಉಪಾಯ ವಿಳಂಬ. ಯೂಟ್ಯೂಬಿನ ಲೈವ್ ಸೆಟ್ಟಿಂಗಿನಲ್ಲಿ 30 ಅಥವಾ 60 ಸೆಕೆಂಡು ತಡ ಮಾಡಿ ಕಳಿಸಬಹುದು. OBSನಲ್ಲೂ `Settings > Advanced > Stream Delay` ಎಂದಿದೆ. ಆದರೆ ತಡ ಹಾಕಿದ್ದೇವೆಂದು ನಿರಾಳವಾಗುವಂತಿಲ್ಲ. ಬಾಯಿತಪ್ಪಿ ಶಾಲೆಯ ಹೆಸರು ಬಂತೆನ್ನಿ. OBSನಲ್ಲಿ ಮಾಮೂಲಿ `Stop Streaming` ಒತ್ತಿದರೆ ಅದು ಕೂಡಿಟ್ಟುಕೊಂಡಿದ್ದನ್ನೂ ಕೊನೆಯವರೆಗೆ ಕಳಿಸಿಯೇ ನಿಲ್ಲುತ್ತದೆ, ಆ ಹೆಸರೂ ಹೊರಗೆ ಹೋಗುತ್ತದೆ. ಕೂಡಿಟ್ಟದ್ದನ್ನು ಎಸೆಯಬೇಕಾದರೆ ಅಲ್ಲೇ ಇರುವ `Stop Streaming (discard delay)` ಆರಿಸಬೇಕು. ಗಾಬರಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಮೊದಲೇ ಎರಡು ಸಲ ಒತ್ತಿ ಅಭ್ಯಾಸ ಮಾಡಿಸಿದೆ. 60 ಸೆಕೆಂಡು ತಡ ಹಾಕಿದರೆ ಚಾಟಿಗೆ ಉತ್ತರವೂ ಒಂದು ನಿಮಿಷ ಹಿಂದೆ ಬೀಳುತ್ತದೆ. ಹುಡುಗನಿಗೆ ಅದೇ ದೊಡ್ಡ ತಕರಾರು, ಕೊನೆಗೆ 30ಕ್ಕೆ ಒಪ್ಪಿದ.

ಲೈವ್ ಮುಗಿದ ಮೇಲೆ ವಿಡಿಯೋ ಚಾನೆಲ್ಲಿನಲ್ಲೇ ಕೂತಿರುತ್ತದೆ. ಹಳೆಯವನ್ನೆಲ್ಲ ಆವತ್ತೇ `Private` ಮಾಡಿಸಿದೆ. ನೋಡಿದವರು ಇಳಿಸಿಕೊಂಡಿದ್ದರೆ ಅದನ್ನು ಹಿಂದಕ್ಕೆ ತರಲಾಗದು, ಹಾಗಾಗಿ ತಾಯಿಗೆ ಸುಳ್ಳು ಸಮಾಧಾನ ಹೇಳಲಿಲ್ಲ. ಕೆಳಗೆ ಬರಲಾ ಎಂದವನ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು cybercrime.gov.in ನಲ್ಲಿ ದೂರು ಹಾಕಿದೆವು, ವಾಚ್‌ಮನ್‌ಗೂ ತಿಳಿಸಿದೆವು.

ಕೊನೆಗೆ ಒಂದು ಪರೀಕ್ಷೆ. ಹೊಸ ಕೋಣೆಯಿಂದ, ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಹಾಗೆ `Unlisted` ಮಾಡಿ ಹತ್ತು ನಿಮಿಷ ಲೈವ್ ಹೋಗು, ಆಮೇಲೆ ಅಕ್ಕನ ಮೊಬೈಲಿನಲ್ಲಿ ಹೆಡ್‌ಫೋನ್ ಹಾಕಿ ಪೂರ್ತಿ ಕೇಳು, ಪರಿಚಯವಿಲ್ಲದವನಿಗೆ ಏನೇನು ಗೊತ್ತಾಗುತ್ತದೆ ಎಂದು ಕಾಗದದಲ್ಲಿ ಬರಿ ಎಂದೆ. ಗಾಡಿಯ ಘೋಷಣೆ ಇರಲಿಲ್ಲ. ಕಾಗದದಲ್ಲಿ ಒಂದೇ ಸಾಲು ಇತ್ತು: "ಇಂಟರ್‌ಕಾಮ್, ವಾಚ್‌ಮನ್ ಫ್ಲಾಟ್ ನಂಬರ್ ಹೇಳಿದ." ಇಂಟರ್‌ಕಾಮ್ ಅವನ ಕುರ್ಚಿಯ ಹಿಂದಿನ ಗೋಡೆಯಲ್ಲೇ ಇತ್ತು.